ಸರ್‌ಗೆ 80, ಮೇಡಂಗೆ 70: ಹಾಜರಿಯ ಪಿವಟ್ ಟೇಬಲ್ ಯಾರಿಗೆ ಮಾರ್ಕ್ಸ್ ಕೊಡ್ತಿದೆ?

ವರ್ಷದ ಕೊನೆಗೆ ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಒಂದು ಹಾಳೆ ತಯಾರಾಗುತ್ತೆ. ಎಡಗಡೆ ಟ್ರೈನರ್‌ಗಳ ಹೆಸರು, ಬಲಗಡೆ ಶೇಕಡಾವಾರು ಹಾಜರಿ. ಮೇಲಿನಿಂದ ಕೆಳಕ್ಕೆ ಇಳಿಕೆ ಕ್ರಮದಲ್ಲಿ ಜೋಡಿಸಿ, ಕೊನೆಯ ಎರಡು ಸಾಲಿಗೆ ಕೆಂಪು ಬಣ್ಣ ಬಳಿದಿರುತ್ತಾರೆ. ಮುಂದಿನ ವರ್ಷ ಆ್ಯಪ್ಟಿಟ್ಯೂಡ್ ಕ್ಲಾಸಿಗೆ ಯಾರನ್ನು ಮತ್ತೆ ಕರೆಯಬೇಕು, ಯಾರನ್ನು ಬಿಡಬೇಕು ಅನ್ನೋ ಮಾತು ಆ ಹಾಳೆ ಮುಂದಿಟ್ಟುಕೊಂಡೇ ನಡೆಯುತ್ತೆ. ಹಾಳೆ ಮಾಡೋರು ಯಾರು? ಬಹಳಷ್ಟು ಕಡೆ ನಾವೇ. ಸೆಲ್‌ನಲ್ಲಿ ವಾಲಂಟಿಯರ್ ಆಗಿರುವ, ‘ಎಕ್ಸೆಲ್ ಬರುತ್ತೆ’ ಅಂತ ಒಮ್ಮೆ ಬಾಯಿತಪ್ಪಿ ಹೇಳಿದ ಆರನೇ ಸೆಮ್‌ನ ಹುಡುಗ ಅಥವಾ ಹುಡುಗಿ.

ನನ್ನ ವಾದ ಇಷ್ಟು: ಟ್ರೈನರ್ ಹೆಸರಿನ ಪಕ್ಕ ಒಂದೇ ಒಂದು ಸಂಖ್ಯೆ ಇರುವ ಹಾಳೆಯನ್ನು ನಾವು ಮಾಡಿಕೊಡಬಾರದು. ಪಿವಟ್ ಟೇಬಲ್ ಲೆಕ್ಕ ತಪ್ಪುತ್ತೆ ಅಂತಲ್ಲ, ಅದು ಲೆಕ್ಕ ತಪ್ಪೋದೇ ಇಲ್ಲ. ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಡುತ್ತೆ. ನಾವು ಕೇಳಿದ ಪ್ರಶ್ನೆ ಒಂದು, ಮೀಟಿಂಗ್‌ನಲ್ಲಿ ಕೂತವರು ಅದಕ್ಕೆ ಕೊಟ್ಟುಕೊಳ್ಳುವ ಅರ್ಥ ಇನ್ನೊಂದು. ತೊಂದರೆ ಇರೋದು ಅಲ್ಲಿ.

ಮೊದಲು ರಿಜಿಸ್ಟರ್‌ನಿಂದಲೇ ಶುರು ಮಾಡೋಣ, ಯಾಕಂದ್ರೆ ಅರ್ಧ ಎಡವಟ್ಟು ಪಿವಟ್‌ಗೆ ಬರುವ ಮುಂಚೆಯೇ ಆಗಿಹೋಗಿರುತ್ತೆ.

ಹಾಜರಿ ಪುಸ್ತಕ ನೋಡಿದ್ದೀರಲ್ಲ, ಅಡ್ಡಕ್ಕೆ ತಾರೀಕು, ಉದ್ದಕ್ಕೆ ಯುಎಸ್‌ಎನ್. ಅದನ್ನೇ ಯಾರೋ ಎಕ್ಸೆಲ್‌ಗೆ ಹಾಕಿರುತ್ತಾರೆ. ಕಣ್ಣಿಗೆ ಚೆನ್ನಾಗಿದೆ, ಆದರೆ ಪಿವಟ್‌ಗೆ ಈ ಆಕಾರ ಆಗಲ್ಲ. ಅದಕ್ಕೆ ಬೇಕಾಗಿರೋದು ಒಬ್ಬ ವಿದ್ಯಾರ್ಥಿಯ ಒಂದು ಕ್ಲಾಸಿಗೆ ಒಂದು ಸಾಲು: ತಾರೀಕು, ಬ್ರಾಂಚ್, ಟ್ರೈನರ್, ಯುಎಸ್‌ಎನ್, ಹಾಜರಿ. 60 ಜನರ ಸೆಕ್ಷನ್‌ಗೆ ವರ್ಷಕ್ಕೆ 50 ಕ್ಲಾಸ್ ಅಂದ್ರೆ 3000 ಸಾಲು. ಹತ್ತಾರು ಸೆಕ್ಷನ್ ಸೇರಿದರೂ ಎಕ್ಸೆಲ್‌ನ 10 ಲಕ್ಷ ಚಿಲ್ಲರೆ ಸಾಲುಗಳ ಮಿತಿಯ ಹತ್ತಿರಕ್ಕೂ ಹೋಗಲ್ಲ, ಹೆದರಬೇಡಿ. ಕೈಯಲ್ಲಿ ಕಾಪಿ ಪೇಸ್ಟ್ ಮಾಡುತ್ತಾ ಕೂರಬೇಕಾಗಿಯೂ ಇಲ್ಲ. ಹಾಳೆಯನ್ನು ಟೇಬಲ್ ಮಾಡಿ, Data ಟ್ಯಾಬ್‌ನಲ್ಲಿ From Table/Range ಒತ್ತಿದರೆ ಪವರ್ ಕ್ವೆರಿ ತೆರೆದುಕೊಳ್ಳುತ್ತೆ. ಅಲ್ಲಿ ಯುಎಸ್‌ಎನ್ ಮತ್ತು ಬ್ರಾಂಚ್ ಕಾಲಮ್‌ಗಳನ್ನು ಆಯ್ದು Unpivot Other Columns ಕೊಟ್ಟರೆ ಅಡ್ಡಕ್ಕಿದ್ದ ತಾರೀಕುಗಳೆಲ್ಲ ಉದ್ದಕ್ಕೆ ಇಳಿದು ನಿಲ್ಲುತ್ತವೆ.

ಇಲ್ಲೊಂದು ಗುಂಡಿ ಇದೆ. ಈ ಅನ್‌ಪಿವಟ್, ಖಾಲಿ ಇರುವ ಕೋಶಗಳನ್ನು ಸದ್ದಿಲ್ಲದೆ ಕೈಬಿಡುತ್ತೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಬಂದವರಿಗೆ P ಹಾಕಿ, ಬಾರದವರ ಜಾಗವನ್ನು ಖಾಲಿ ಬಿಡುವ ಅಭ್ಯಾಸ ಎಷ್ಟೋ ಟ್ರೈನರ್‌ಗಳಿಗಿದೆ. 60 ಜನರ ಕ್ಲಾಸಲ್ಲಿ 42 P, 18 ಖಾಲಿ ಅಂತಿಟ್ಟುಕೊಳ್ಳಿ. ಅನ್‌ಪಿವಟ್ ಆದ ಮೇಲೆ ಉಳಿಯೋದು 42 ಸಾಲು, ಎಲ್ಲದರಲ್ಲೂ P. ಹಾಜರಿ ಶೇಕಡಾ 100! ಪಕ್ಕದ ಸೆಕ್ಷನ್‌ನ ಟ್ರೈನರ್ ಶಿಸ್ತಾಗಿ 18 A ಬರೆದಿದ್ದರೆ ಅವರಿಗೆ ಶೇಕಡಾ 70. ಇಬ್ಬರ ಕ್ಲಾಸಿಗೂ ಬಂದವರು ಅಷ್ಟೇ ಜನ.

ಹಾಗಂತ ಖಾಲಿ ಇರೋದನ್ನೆಲ್ಲ ಒಂದೇ ಏಟಿಗೆ A ಮಾಡಿಬಿಟ್ಟರೆ ಅದೂ ಅನ್ಯಾಯ. ಖಾಲಿ ಜಾಗಕ್ಕೆ ಮೂರು ಅರ್ಥ ಇರಬಹುದು. ಹುಡುಗ ಬರಲಿಲ್ಲ ಅನ್ನೋದು ಒಂದು. ಆವತ್ತು ಕ್ಲಾಸೇ ನಡೀಲಿಲ್ಲ ಅನ್ನೋದು ಇನ್ನೊಂದು, ಆಗ ಇಡೀ ಕಾಲಮ್ ಖಾಲಿ ಇರುತ್ತೆ. ಮೂರನೆಯದು, ಆ ಹುಡುಗ ಇನ್ನೂ ಸೇರಿಯೇ ಇರಲಿಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರು ಕ್ಲಾಸ್ ಶುರುವಾದ ಎಷ್ಟೋ ದಿನಗಳ ಮೇಲೆ ಸೇರ್ತಾರೆ. ಅವರ ಮೊದಲ ವಾರಗಳ ಖಾಲಿಯನ್ನು ಗೈರುಹಾಜರಿ ಅಂತ ಬರೆದರೆ ಹೇಗೆ? ಆದ್ದರಿಂದ ಮೊದಲು ನಡೆಯದ ಕ್ಲಾಸುಗಳ ಕಾಲಮ್ ತೆಗೆಯಬೇಕು, ತಡವಾಗಿ ಸೇರಿದವರ ಜಾಗದಲ್ಲಿ NA ಅಂತ ತುಂಬಿ ಆಮೇಲೆ ಆ ಸಾಲುಗಳನ್ನು ಸೋಸಿ ತೆಗೆಯಬೇಕು. ಉಳಿದ ಖಾಲಿಗಳನ್ನು ಮಾತ್ರ, ಅನ್‌ಪಿವಟ್‌ಗೆ ಮುಂಚೆಯೇ, Replace Values ಮೂಲಕ `null` ಇದ್ದಲ್ಲಿ `A` ಮಾಡಬೇಕು. ಯಾವ ಖಾಲಿ ಯಾವ ಜಾತಿಯದು ಅಂತ ಎಕ್ಸೆಲ್‌ಗೆ ಗೊತ್ತಾಗಲ್ಲ. ಅದನ್ನು ಕ್ಲಾಸ್ ರೆಪ್ ಹತ್ತಿರ ಹೋಗಿಯೇ ಕೇಳಬೇಕು.

ತಾರೀಕಿನ ಕಥೆ ಇನ್ನೂ ಮಜವಾಗಿದೆ. ಟೇಬಲ್‌ನ ತಲೆಬರಹ ಆದ ಕೂಡಲೇ ತಾರೀಕು ತಾರೀಕಾಗಿ ಉಳಿಯಲ್ಲ, ಬರೀ ಅಕ್ಷರವಾಗುತ್ತೆ. ಅದನ್ನು ಪವರ್ ಕ್ವೆರಿಯಲ್ಲಿ ಮತ್ತೆ ತಾರೀಕು ಮಾಡಬೇಕು. ಲ್ಯಾಬಿನ ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ಅದು ತಿಂಗಳನ್ನು ಮೊದಲು ಓದುತ್ತೆ. ಆಗಸ್ಟ್ 1ರ 01/08 ಜನವರಿ 8 ಆಗುತ್ತೆ, ಆಗಸ್ಟ್ 2ರದ್ದು ಫೆಬ್ರವರಿ 8, ಹೀಗೇ ಹೋಗಿ ಆಗಸ್ಟ್ 12ರದ್ದು ಡಿಸೆಂಬರ್ 8. ಹದಿಮೂರರಿಂದಾಚೆಗೆ ಹದಿಮೂರನೇ ತಿಂಗಳು ಅಂತ ಇಲ್ಲವಲ್ಲ, ಅವೆಲ್ಲ ಎರರ್. ಎರರ್ ಆದ ಸಾಲುಗಳ ತಾರೀಕು ಹಾಳೆಗೆ ಬಂದಾಗ ಖಾಲಿಯಾಗಿರುತ್ತೆ. ಅಂದರೆ ಆಗಸ್ಟ್‌ನ ಮೊದಲ ಹನ್ನೆರಡು ದಿನ ಹನ್ನೆರಡು ತಿಂಗಳಿಗೆ ಹಂಚಿಹೋಗಿ, ಉಳಿದ ಅರ್ಧ ತಿಂಗಳು ಮಾಯ. ಇದನ್ನು ಪತ್ತೆ ಹಚ್ಚೋದು ಸುಲಭ. ಪಿವಟ್‌ನಲ್ಲಿ ಯಾವುದೇ ತಿಂಗಳು ಬಿಡಿಸಿ ನೋಡಿದರೂ ಬರೀ 8ನೇ ತಾರೀಕಿಗೆ ಕ್ಲಾಸ್ ಇದ್ದರೆ, ಕ್ಲಾಸೇ ಇಲ್ಲದ ರಜೆಯ ತಿಂಗಳಲ್ಲಿ ಹಾಜರಿ ಕಂಡರೆ, ಇದೇ ಆಗಿರೋದು. ಪರಿಹಾರವೂ ಅಲ್ಲೇ ಇದೆ: ಕಾಲಮ್‌ನ Change Type ಒಳಗೆ Using Locale ಆರಿಸಿ English (India) ಕೊಟ್ಟರೆ ಸಾಕು.

ತಿಂಗಳುವಾರು ಗುಂಪು ಮಾಡುವಾಗ Months ಜೊತೆಗೆ Years ಕೂಡ ಆರಿಸಿಕೊಳ್ಳಿ. ನಮ್ಮ ಶೈಕ್ಷಣಿಕ ವರ್ಷ ಎರಡು ಕ್ಯಾಲೆಂಡರ್ ವರ್ಷಗಳ ಮೇಲೆ ಕಾಲು ಚಾಚಿರುತ್ತೆ. ಬರೀ ತಿಂಗಳು ಆರಿಸಿದರೆ ಜನವರಿ ಮೊದಲಿಗೆ ಬಂದು ಕೂರುತ್ತೆ, ಆಗಸ್ಟ್ ಅದರ ಹಿಂದಕ್ಕೆ ಸರಿಯುತ್ತೆ, ಕಥೆ ಮಧ್ಯದಿಂದ ಶುರುವಾದ ಸಿನಿಮಾ ಥರ.

ಇಷ್ಟಾದ ಮೇಲೆ, P ಇದ್ದಲ್ಲಿ 1, ಇಲ್ಲದಿದ್ದಲ್ಲಿ 0 ಬರುವಂತೆ `Present` ಅಂತ ಒಂದು ಕಾಲಮ್ ಸೇರಿಸಿ.

```
=IF([@Status]="P",1,0)
```

ಈ ಕಾಲಮ್ಮನ್ನು ಪಿವಟ್‌ನ Values ಜಾಗಕ್ಕೆ ಎರಡು ಸಲ ಎಳೆದು ಹಾಕಿ, ಒಂದಕ್ಕೆ Count, ಇನ್ನೊಂದಕ್ಕೆ Average. ಸೊನ್ನೆ ಒಂದುಗಳ ಸರಾಸರಿಯೇ ಹಾಜರಿ ಶೇಕಡಾ, ಬೇರೆ ಸೂತ್ರ ಬೇಡ. Count ಯಾಕೆ ಅಂದ್ರೆ, ಅದು ನಿಮ್ಮ ಕಾವಲುಗಾರ. 60 ಜನರ ಸೆಕ್ಷನ್‌ಗೆ ಒಂದು ದಿನ 42 ಅಂತ ಕಂಡರೆ ಖಾಲಿ ಕೋಶ ಬಿದ್ದುಹೋಗಿದೆ ಅಂತ ಆಗಲೇ ಗೊತ್ತಾಗುತ್ತೆ. ಒಂದು ತಿಂಗಳು ಶೇಕಡಾ 92 ಅಂತ ಬಂದರೆ ಹಿಗ್ಗುವ ಮುಂಚೆ ಪಕ್ಕದಲ್ಲಿ ನೋಡಿ, 180 ಇದ್ದರೆ ಆ ತಿಂಗಳು ನಡೆದಿರೋದೇ ಮೂರು ಕ್ಲಾಸ್.

ಈಗ ಹಾಳೆ ಶುದ್ಧವಾಯಿತು ಅಂತಿಟ್ಟುಕೊಳ್ಳೋಣ. ಒಂದೂ ಖಾಲಿ ಇಲ್ಲ, ತಾರೀಕೆಲ್ಲ ಸರಿ. ನಿಜವಾದ ತಕರಾರು ಈಗ ಬರುತ್ತೆ.

ಇಬ್ಬರು ಟ್ರೈನರ್‌ಗಳನ್ನು ತಗೊಳ್ಳಿ. ಒಬ್ಬರು ಹಳೇ ಸರ್, ಇನ್ನೊಬ್ಬರು ಹೊಸ ಮೇಡಂ. ಇಬ್ಬರೂ ಹೇಳಿಕೊಡೋದು ಆ್ಯಪ್ಟಿಟ್ಯೂಡೇ. ಇಬ್ಬರದೂ ತಲಾ 50 ಕ್ಲಾಸ್, ಪ್ರತಿ ಕ್ಲಾಸಿಗೂ 60 ಜನ, ಹಾಗಾಗಿ ತಲಾ 3000 ಸಾಲು. ಸರ್‌ಗೆ ಕಂಪ್ಯೂಟರ್ ಸೈನ್ಸ್‌ನಲ್ಲಿ 40 ಕ್ಲಾಸ್, ಮೆಕ್ಯಾನಿಕಲ್‌ನಲ್ಲಿ 10. ಮೇಡಂಗೆ ತಿರುವುಮುರುವು. ಲೆಕ್ಕ ಸುಲಭ ಆಗಲಿ ಅಂತ ಈ ಸಂಖ್ಯೆಗಳನ್ನು ನಾನೇ ಇಟ್ಟುಕೊಂಡಿದ್ದೇನೆ, ಆದರೆ ಕ್ಲಾಸ್ ಹಂಚಿಕೆ ಹೀಗೇ ಇರುತ್ತೆ ಅನ್ನೋದು ನಿಮಗೂ ಗೊತ್ತು. ಹಳಬರಿಗೆ ‘ಒಳ್ಳೇ’ ಬ್ರಾಂಚ್, ಹೊಸಬರಿಗೆ ಉಳಿದದ್ದು.

| | ಕಂಪ್ಯೂಟರ್ ಸೈನ್ಸ್ | ಮೆಕ್ಯಾನಿಕಲ್ | ಒಟ್ಟು |
|---|---|---|---|
| ಸರ್ | 2400ಕ್ಕೆ 2040 (85%) | 600ಕ್ಕೆ 360 (60%) | 3000ಕ್ಕೆ 2400 (80%) |
| ಮೇಡಂ | 600ಕ್ಕೆ 540 (90%) | 2400ಕ್ಕೆ 1560 (65%) | 3000ಕ್ಕೆ 2100 (70%) |

ಕಂಪ್ಯೂಟರ್ ಸೈನ್ಸ್‌ನಲ್ಲಿ ಮೇಡಂ ಕ್ಲಾಸಿಗೆ ಹೆಚ್ಚು ಜನ. ಮೆಕ್ಯಾನಿಕಲ್‌ನಲ್ಲೂ ಮೇಡಂ ಕ್ಲಾಸಿಗೇ ಹೆಚ್ಚು ಜನ. ಎರಡೂ ಕಡೆ ಐದೈದು ಅಂಶ ಮುಂದಿರುವ ಮೇಡಂ, ಒಟ್ಟು ಕಾಲಮ್‌ಗೆ ಬಂದಾಗ ಹತ್ತು ಅಂಶ ಹಿಂದೆ! ಕೂಡಿಸಿ ನೋಡಿ, ಒಂದು ಸಂಖ್ಯೆಯೂ ತಪ್ಪಿಲ್ಲ. ಸಂಖ್ಯಾಶಾಸ್ತ್ರ ಓದಿದವರು ಇದನ್ನು ಸಿಂಪ್ಸನ್ ವಿರೋಧಾಭಾಸ ಅಂತ ಗುರುತಿಸಬಹುದು. 1951ರಲ್ಲಿ ಎಡ್ವರ್ಡ್ ಸಿಂಪ್ಸನ್ ಬರೆದ ಲೇಖನದಿಂದ ಬಂದ ಹೆಸರು ಅದು. ನಮ್ಮ ಹಾಳೆಯಲ್ಲಿ ಅದರ ಅರ್ಥ ತೀರಾ ಸರಳ. ಮೇಡಂ ಹೆಸರಿನ 3000 ಸಾಲುಗಳಲ್ಲಿ 2400 ಮೆಕ್ಯಾನಿಕಲ್‌ನವು. ಆ ಬ್ರಾಂಚ್‌ನಲ್ಲಿ ಯಾರೇ ಕ್ಲಾಸ್ ತಗೊಂಡರೂ ಹಾಜರಿ ಕಡಿಮೆ, ಯಾಕಂದ್ರೆ ಅವರ ಟ್ರೈನಿಂಗ್ ಇರೋದು ಮೂರು ಗಂಟೆಯ ವರ್ಕ್‌ಶಾಪ್ ಮುಗಿದ ಮೇಲೆ, ಕಾಲೇಜು ಬಸ್ ಹೊರಡುವ ಹೊತ್ತಿಗೆ. ಆ ಕಡಿಮೆ ಹಾಜರಿ ಬಂದದ್ದು ಟೈಮ್‌ಟೇಬಲ್‌ನಿಂದ, ಹೋಗಿ ಅಂಟಿಕೊಂಡಿದ್ದು ಮೇಡಂ ಹೆಸರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದಂಗೆ.

ಇದೇ ಹಾಳೆಯನ್ನು ಇನ್ನೊಬ್ಬ ವಾಲಂಟಿಯರ್ ಬೇರೆ ದಾರಿಯಲ್ಲಿ ಮಾಡಬಹುದು. ಪ್ರತಿ ಬ್ರಾಂಚ್‌ನ ಶೇಕಡಾವಾರು ಈಗಾಗಲೇ ತೆಗೆದಿಟ್ಟಿದ್ದ ಫೈಲ್ ಸಿಕ್ಕಿದ್ದರೆ, ಅದರ ಮೇಲೆಯೇ ಪಿವಟ್ ಹಾಕಿ Average ಕೇಳುತ್ತಾನೆ. ಆಗ ಸರ್‌ಗೆ 85 ಮತ್ತು 60ರ ಸರಾಸರಿ 72.5, ಮೇಡಂಗೆ 90 ಮತ್ತು 65ರ ಸರಾಸರಿ 77.5. ಈಗ ಮೇಡಂ ಮೇಲೆ, ಸರ್ ಕೆಳಗೆ! ಒಂದೇ ವರ್ಷ, ಒಂದೇ ರಿಜಿಸ್ಟರ್, ಎರಡು ಹಾಳೆ, ಎರಡು ಉಲ್ಟಾ ತೀರ್ಪು. ಕೆಂಪು ಬಣ್ಣ ಯಾರ ಮೇಲೆ ಬೀಳಬೇಕು ಅನ್ನೋದನ್ನು ಈಗ ತೀರ್ಮಾನ ಮಾಡಿದ್ದು ಫೈಲ್ ಯಾವುದು ಕೈಗೆ ಸಿಕ್ಕಿತು ಅನ್ನೋ ಆಕಸ್ಮಿಕ.

‘ಹಾಗಾದ್ರೆ ಯಾವುದು ಸರಿ?’ ಅಂತ ಕೇಳಬಹುದು. 80 ಮತ್ತು 70 ಹೇಳೋದು, ಅವರ ಕ್ಲಾಸ್‌ರೂಮಿನ ಕುರ್ಚಿಗಳಲ್ಲಿ ಎಷ್ಟು ತುಂಬಿದ್ದವು ಅಂತ. ಊಟದ ಕೂಪನ್ ಎಷ್ಟು ಅಚ್ಚು ಹಾಕಿಸಬೇಕು ಅಂತ ಕೇಳಿದ್ದರೆ ಅದೇ ಬೇಕಾದ ಸಂಖ್ಯೆ. 72.5 ಮತ್ತು 77.5 ಹೇಳೋದು, ಇಬ್ಬರಿಗೂ ಎರಡೂ ಬ್ರಾಂಚ್ ಸಮನಾಗಿ ಸಿಕ್ಕಿದ್ದರೆ ಏನಾಗ್ತಿತ್ತು ಅನ್ನೋ ಅಂದಾಜು. ಟ್ರೈನರ್‌ಗಳನ್ನು ಹೋಲಿಸಬೇಕಾದರೆ ಈ ಎರಡನೆಯದೇ ಹತ್ತಿರ. ಆದರೆ ಅದರಲ್ಲೂ 10 ಕ್ಲಾಸಿನ ಸಂಖ್ಯೆಗೂ 40 ಕ್ಲಾಸಿನ ಸಂಖ್ಯೆಗೂ ಒಂದೇ ತೂಕ. ಎರಡು ಕ್ಲಾಸ್ ಮಳೆಗೆ ಖಾಲಿ ಹೊಡೆದರೆ ಹತ್ತರ ಸರಾಸರಿ ಧೊಪ್ಪನೆ ಬೀಳುತ್ತೆ, ನಲವತ್ತರದ್ದು ಅಷ್ಟು ಅಲುಗಾಡಲ್ಲ.

ನಾನು ಕೇಳೋದು ಪಿವಟ್ ಜೋಡಣೆಯಲ್ಲಿ ಒಂದೇ ಬದಲಾವಣೆ. Rows ಜಾಗದಲ್ಲಿ ಮೇಲೆ ಬ್ರಾಂಚ್, ಅದರ ಕೆಳಗೆ ಟ್ರೈನರ್. Columns ಜಾಗದಲ್ಲಿ ತಿಂಗಳು. Values ಜಾಗದಲ್ಲಿ Count ಮತ್ತು Average ಎರಡೂ. ಟ್ರೈನರ್ ಒಳಗಿನ ಸಾಲಾಗಿದ್ದಾಗ ಪಿವಟ್ ಬ್ರಾಂಚ್‌ಗೆ ಮಾತ್ರ ಒಟ್ಟು ತೋರಿಸುತ್ತೆ. ಎಲ್ಲಾ ಬ್ರಾಂಚ್ ಕಲಸಿದ ಟ್ರೈನರ್ ಒಟ್ಟು ಅನ್ನೋದು ಹಾಳೆಯಲ್ಲಿ ಹುಟ್ಟೋದೇ ಇಲ್ಲ. ನೋಡುವವರ ಕಣ್ಣು ತಾನಾಗಿಯೇ ಮೆಕ್ಯಾನಿಕಲ್ ಕೆಳಗಿನ ಇಬ್ಬರನ್ನು ಅಕ್ಕಪಕ್ಕ ಹೋಲಿಸುತ್ತೆ. ಜೊತೆಗೆ, ಮೆಕ್ಯಾನಿಕಲ್ ಒಟ್ಟೇ 64 ಅಂತ ದಪ್ಪಕ್ಷರದಲ್ಲಿ ಕಂಡಾಗ, ಪ್ರಶ್ನೆ ಟ್ರೈನರ್ ಕಡೆಯಿಂದ ಟೈಮ್‌ಟೇಬಲ್ ಕಡೆಗೆ ತಿರುಗುತ್ತೆ. ತಿರುಗಬೇಕಾದ್ದೂ ಆ ಕಡೆಗೇ.

‘ಪ್ಲೇಸ್‌ಮೆಂಟ್ ಆಫೀಸರ್‌ಗೆ ಅಷ್ಟೆಲ್ಲ ನೋಡೋಕೆ ಟೈಮ್ ಎಲ್ಲಿದೆ, ಒಂದು ನಂಬರ್ ಕೊಡಿ ಅಂತಾರೆ’ ಅನ್ನೋ ಮಾತು ಬರುತ್ತೆ. ನಿಜ, ಕೇಳ್ತಾರೆ. ಆದರೆ ಎರಡು ಬ್ರಾಂಚ್, ಇಬ್ಬರು ಟ್ರೈನರ್ ಅಂದ್ರೆ ನಾಲ್ಕು ಸಂಖ್ಯೆ. ಐದು ಬ್ರಾಂಚ್ ಇದ್ದರೂ ಒಂದು ಹಾಳೆಯಲ್ಲಿ ಮುಗಿಯುತ್ತೆ. ಒಬ್ಬರ ಮುಂದಿನ ವರ್ಷದ ಕೆಲಸ ನಿರ್ಧಾರ ಆಗುವ ಜಾಗದಲ್ಲಿ ಒಂದು ಹಾಳೆ ಓದೋಕೆ ಪುರುಸೊತ್ತಿಲ್ಲ ಅನ್ನೋದನ್ನು ನಾನು ಒಪ್ಪಲ್ಲ.

ಇಷ್ಟು ಮಾಡಿದರೂ ಎಲ್ಲ ಬಗೆಹರಿಯಲ್ಲ. ಸರ್ ಬರೀ ಕಂಪ್ಯೂಟರ್ ಸೈನ್ಸ್‌ಗೆ, ಮೇಡಂ ಬರೀ ಮೆಕ್ಯಾನಿಕಲ್‌ಗೆ ಹೋಗಿದ್ದರೆ ಹೋಲಿಕೆಯೇ ಸಾಧ್ಯವಿಲ್ಲ. ಯಾವ ಸೂತ್ರ ಹಾಕಿದರೂ ಆ ಖಾಲಿ ಕೋಶ ತುಂಬಲ್ಲ. ಹೋಲಿಸಲೇಬೇಕು ಅಂತಿದ್ದರೆ ಆಗಸ್ಟ್‌ನಲ್ಲಿ ಟೈಮ್‌ಟೇಬಲ್ ಹಾಕುವಾಗಲೇ ಟ್ರೈನರ್‌ಗಳನ್ನು ಬ್ರಾಂಚ್‌ಗಳ ನಡುವೆ ಅದಲುಬದಲು ಮಾಡಬೇಕು. ಮೇ ತಿಂಗಳಲ್ಲಿ ಎಕ್ಸೆಲ್ ಮುಂದೆ ಕೂತು ಅದನ್ನು ಸರಿಮಾಡೋಕೆ ಆಗಲ್ಲ.

ಟ್ರೈನರ್ ಕಾಲಮ್‌ನಲ್ಲಿರುವ ಹೆಸರನ್ನೂ ಸುಮ್ಮನೆ ನಂಬಬೇಡಿ. ಅದು ಹೆಚ್ಚಾಗಿ ಟೈಮ್‌ಟೇಬಲ್‌ನಿಂದ ಬಂದಿರುತ್ತೆ. ಸರ್ ರಜೆ ಹಾಕಿ, ಅವರ ಬದಲಿಗೆ ಇನ್ಯಾರೋ ಬಂದು ಹೋದ ಕ್ಲಾಸ್ ಕೂಡ ಸರ್ ಲೆಕ್ಕಕ್ಕೇ ಬೀಳುತ್ತೆ. ಅದಕ್ಕೆ ತಾರೀಕು, ಸೆಕ್ಷನ್, ನಿಜವಾಗಿ ಕ್ಲಾಸ್ ತಗೊಂಡವರು, ಎಷ್ಟು ಹೊತ್ತಿಗೆ ಅಂತ ಬರೆದಿಡುವ ಒಂದು ಚಿಕ್ಕ ಪ್ರತ್ಯೇಕ ಟೇಬಲ್ ಬೇಕು. ದಿನಕ್ಕೊಂದು ಸಾಲು, ಕ್ಲಾಸ್ ರೆಪ್ ಬರೆದರೆ ಸಾಕು. ಅದನ್ನು ಪವರ್ ಕ್ವೆರಿಯ Merge Queries ಮೂಲಕ ತಾರೀಕು ಮತ್ತು ಸೆಕ್ಷನ್ ಆಧಾರದ ಮೇಲೆ ದೊಡ್ಡ ಹಾಳೆಗೆ ಜೋಡಿಸಬಹುದು. ಅದೇ ಹೆಸರು ಒಮ್ಮೆ ಇನಿಷಿಯಲ್ ಸಮೇತ, ಒಮ್ಮೆ ಇಲ್ಲದೆ, ಒಮ್ಮೆ ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡು ಬಂದರೆ ಪಿವಟ್‌ಗೆ ಅವರು ಮೂರು ಜನ. ಹೆಸರಿನ ಬದಲು ಒಂದು ಕೋಡ್ ಇಟ್ಟರೆ ಈ ರಗಳೆ ಇಲ್ಲ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ, ಪ್ರಾಕ್ಸಿ. ಒಬ್ಬರು ಕ್ಲಾಸಿನ ಕೊನೆಗೆ ಒಂದೊಂದೇ ಹೆಸರು ಕೂಗಿ, ಮುಖ ನೋಡಿ P ಹಾಕ್ತಾರೆ. ಇನ್ನೊಬ್ಬರು ಶುರುವಿನಲ್ಲೇ ಒಂದು ಹಾಳೆ ಹರಿಯಬಿಡ್ತಾರೆ, ಹಿಂದಿನ ಬೆಂಚಿನಲ್ಲಿ ಒಂದು ಪೆನ್ನಿಂದ ಐದು ಸಹಿ ಬೀಳುತ್ತೆ. ಹಾಜರಿ ಶೇಕಡಾದಲ್ಲಿ ಎರಡನೆಯವರೇ ಮೇಲೆ. ಆ ಸಂಖ್ಯೆ ನೋಡಿ ನಾವು ಟ್ರೈನರ್‌ಗಳನ್ನು ಉಳಿಸಿಕೊಳ್ಳೋದಾದರೆ, ಸಡಿಲವಾಗಿ ಹಾಜರಿ ಹಾಕೋರಿಗೆ ಬಹುಮಾನ ಕೊಟ್ಟಂತೆ. ಟ್ರೈನರ್‌ಗಳಿಗೂ ಇದು ಅರ್ಥ ಆಗೋಕೆ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಗಲ್ಲ. ಪಿವಟ್‌ನಲ್ಲಿ ಇದರ ಸುಳಿವು ಸಿಗುತ್ತೆ. ತಿಂಗಳು ತೆಗೆದು ತಾರೀಕು ಹಾಕಿ ನೋಡಿ. ಬಂದ್ ದಿನ, ಫೆಸ್ಟ್‌ನ ಹಿಂದಿನ ದಿನ, ಎಲ್ಲಾ ಕ್ಲಾಸುಗಳು ಅರ್ಧಕ್ಕೆ ಇಳಿದಿರುವಾಗ ಒಂದೇ ಒಂದು ಕ್ಲಾಸ್ ಮಾತ್ರ 57, 58 ಅಂತ ಗಟ್ಟಿಯಾಗಿ ನಿಂತಿದ್ದರೆ, ಅಲ್ಲಿ ಕೂತಿದ್ದವರು ಅಷ್ಟು ಜನ ಅಂತ ನಂಬೋದು ಕಷ್ಟ. ಅದು ಸಾಕ್ಷಿ ಆಗಲ್ಲ, ಅನುಮಾನ ಅಷ್ಟೇ. ನಿಜಕ್ಕೂ ಅದ್ಭುತವಾದ ಕ್ಲಾಸೂ ಆಗಿರಬಹುದು. ಆದರೆ ಕೆಂಪು ಬಣ್ಣ ಬಳಿಯುವ ಮುಂಚೆ ಈ ಹಸಿರಿನ ಕಡೆಗೂ ಒಮ್ಮೆ ನೋಡಬೇಕಲ್ಲವೇ?

ಕೊನೆಯದಾಗಿ ನಮ್ಮದೇ ವಿಷಯ, ಹಾಳೆ ಯಾರ್ಯಾರಿಗೆ ಹೋಗುತ್ತೆ ಅನ್ನೋದು. ಮೂಲ ಡೇಟಾ ಇರುವ ಶೀಟ್ ಅಳಿಸಿ, ಪಿವಟ್ ಇರುವ ಶೀಟ್ ಒಂದನ್ನೇ ಉಳಿಸಿ ಮೇಲ್ ಮಾಡಿದರೆ ವಿದ್ಯಾರ್ಥಿಗಳ ವಿವರ ಹೋಗಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೋಗುತ್ತೆ. ಪಿವಟ್ ತನ್ನೊಳಗೆ ಆ ಸಾಲುಗಳ ಒಂದು ಪ್ರತಿ ಇಟ್ಟುಕೊಂಡಿರುತ್ತೆ. ಯಾವುದೇ ಸಂಖ್ಯೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರ ಹಿಂದಿನ ಸಾಲುಗಳೆಲ್ಲ ಹೊಸ ಶೀಟ್‌ನಲ್ಲಿ ಬಿಚ್ಚಿಕೊಳ್ಳುತ್ತವೆ. ಯುಎಸ್‌ಎನ್ ಸಮೇತ, ನೀವು ಬಂಕ್ ಮಾಡಿದ ಪ್ರತಿ ಶನಿವಾರದ ಸಮೇತ. ಲೆಕ್ಕ ಪರೀಕ್ಷಿಸುವಾಗ ಇದು ಒಳ್ಳೇ ಅಸ್ತ್ರ, ಆ 1560 ಎಲ್ಲಿಂದ ಬಂತು ಅಂತ ಕ್ಷಣದಲ್ಲಿ ತಿಳಿಯುತ್ತೆ. ಆದರೆ ಅದೇ ಫೈಲ್ ಹೊರಗಿನ ಟ್ರೈನಿಂಗ್ ಕಂಪನಿಗೆ ಹೋದರೆ, ನಮ್ಮೆಲ್ಲರ ವರ್ಷದ ಚಲನವಲನ ಅವರ ಇನ್‌ಬಾಕ್ಸ್‌ನಲ್ಲಿ. ಕಳಿಸುವ ಮುಂಚೆ ಪಿವಟ್ಟನ್ನು ಪೂರ್ತಿ ಕಾಪಿ ಮಾಡಿ, ಹೊಸ ಫೈಲ್‌ನಲ್ಲಿ Paste Special ಒಳಗಿನ Values ಕೊಟ್ಟು, ಆ ಹೊಸ ಫೈಲನ್ನು ಮಾತ್ರ ಕಳಿಸಿ.